ಹಾಸಿಗೆಗಳನ್ನಲ್ಲ, ರೋಗಿಗಳ ಅವಲಂಬನೆಯನ್ನು ನೋಡಿ ಪಾಳಿಯ ಶುಶ್ರೂಷಕರ ಸಂಖ್ಯೆಯನ್ನು ನಿಗದಿಪಡಿಸಿ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಪ್ರಧಾನ ಕಾರ್ಯದರ್ಶಿಗಳು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಹಾಗೂ
ಪ್ರಧಾನ ಕಾರ್ಯದರ್ಶಿಗಳು, ವೈದ್ಯಕೀಯ ಶಿಕ್ಷಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ವೈದ್ಯಕೀಯ ಕಾಲೇಜುಗಳ ಬೋಧನಾ ಆಸ್ಪತ್ರೆಗಳಲ್ಲಿಯೂ ಸಾಮಾನ್ಯ ವಾರ್ಡಿನ ಒಂದು ಪಾಳಿಗೆ ಎಷ್ಟು ಶುಶ್ರೂಷಕರು ಬೇಕು ಎಂಬುದನ್ನು ಆ ವಾರ್ಡಿನ ಹಾಸಿಗೆಗಳ ಸಂಖ್ಯೆಯಿಂದ ಭಾಗಿಸಿ ತೆಗೆಯುವ ಪದ್ಧತಿ ಬದಲಾಗಬೇಕು, ಅದರ ಜಾಗದಲ್ಲಿ ಆ ಹೊತ್ತಿಗೆ ವಾರ್ಡಿನಲ್ಲಿರುವ ರೋಗಿಗಳು ಶುಶ್ರೂಷಕರನ್ನು ಎಷ್ಟರ ಮಟ್ಟಿಗೆ ಅವಲಂಬಿಸಿದ್ದಾರೆ ಎಂಬ ಲೆಕ್ಕ ಬರಬೇಕು ಎಂದು ಕೋರಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಶುಶ್ರೂಷಕಿಯಾಗಿ, ವಾರ್ಡ್ ಸಿಸ್ಟರ್ ಆಗಿ, ಕೊನೆಗೆ ಶುಶ್ರೂಷಾ ಅಧೀಕ್ಷಕಿಯಾಗಿ ಡ್ಯೂಟಿ ರೋಸ್ಟರ್‌ಗಳನ್ನು ಬರೆದವಳಾದ್ದರಿಂದ ಈ ಬದಲಾವಣೆ ಎಲ್ಲೆಲ್ಲಿ ಕೆಡಬಹುದು ಎಂಬುದೂ ನನಗೆ ಕಾಣುತ್ತದೆ. ಅದನ್ನೂ ಮರೆಮಾಚದೆ ಹೇಳುತ್ತೇನೆ.

ಈಗಿನ ಮಾನದಂಡಗಳು ನಿಮಗೆ ತಿಳಿದೇ ಇವೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಬ್ಬ ಶುಶ್ರೂಷಕರನ್ನು ಹೇಳುತ್ತದೆ. ಮೂರೂ ಪಾಳಿಗಳಿಗೆ ಹಂಚಿದರೆ ಒಂದು ಪಾಳಿಯಲ್ಲಿ ಒಂಬತ್ತು ಹಾಸಿಗೆಗೆ ಒಬ್ಬರು ಎಂದಾಗುತ್ತದೆ. ಅದರ ಮೇಲೆ ರಜೆಗಳಿಗಾಗಿ ಶೇ. 30 ಮೀಸಲು ಸೇರಬೇಕು. ಕೇಂದ್ರ ಸರ್ಕಾರದ ಸಿಬ್ಬಂದಿ ಪರಿಶೀಲನಾ ಘಟಕ 1990ರ ದಶಕದ ಆರಂಭದಲ್ಲಿ ಕೊಟ್ಟ ಮಾನದಂಡ ಸಾಮಾನ್ಯ ವಾರ್ಡಿಗೆ ಆರು ಹಾಸಿಗೆಗೆ ಒಬ್ಬರನ್ನು ಹೇಳಿ, ವಾರದ ರಜೆ, ಗಳಿಕೆ ರಜೆ, ಹೆರಿಗೆ ರಜೆಗಳನ್ನೆಲ್ಲ ತುಂಬಲು ಶೇ. 45ರಷ್ಟು ಹೆಚ್ಚುವರಿ ಹುದ್ದೆಗಳನ್ನು ಸೇರಿಸಿತು. ಈ ಎರಡರಲ್ಲಿ ಯಾವುದು ಉದಾರ, ಯಾವುದು ಜಿಪುಣ ಎಂಬ ಚರ್ಚೆ ನಮ್ಮ ಸಂಘಗಳಲ್ಲಿ ಎಂದಿನಿಂದಲೂ ಇದೆ. ನನ್ನ ತಕರಾರು ಅದಲ್ಲ. ಎರಡೂ ಎಣಿಸುವುದು ಮಂಚವನ್ನು. ಮಂಚದ ಮೇಲೆ ನಾಳೆ ಮನೆಗೆ ಹೊರಡಲಿರುವ ಯುವಕ ಮಲಗಿದ್ದರೂ ಒಂದೇ, ಮೈಯ ಒಂದು ಭಾಗ ಸ್ವಾಧೀನ ತಪ್ಪಿ ಪ್ರಜ್ಞೆ ಮಸುಕಾದ ಅಜ್ಜ ಮಲಗಿದ್ದರೂ ಒಂದೇ. ಇನ್ನೊಂದು ಲೋಪ ನಮ್ಮ ಆಸ್ಪತ್ರೆಗಳಿಗೇ ವಿಶೇಷವಾದದ್ದು: ಮಂಜೂರಾದ ಹಾಸಿಗೆ ಮೂವತ್ತಿದ್ದು, ಟ್ರಾಲಿಯ ಮೇಲೆ ಇಬ್ಬರು, ನೆಲದ ಮೇಲೆ ಚಾಪೆ ಹಾಸಿ ಮೂವರು ಇದ್ದರೆ ಆ ಐವರು ರಾತ್ರಿಯ ಸೆನ್ಸಸ್‌ನಲ್ಲಿ ಇರುತ್ತಾರೆಯೇ ಹೊರತು ಶುಶ್ರೂಷಕರ ಲೆಕ್ಕದಲ್ಲಿ ಇರುವುದಿಲ್ಲ.

ವ್ಯತ್ಯಾಸ ಎಷ್ಟಾಗುತ್ತದೆ ಎಂಬುದನ್ನು ತೋರಿಸಲು ಒಂದು ಲೆಕ್ಕವನ್ನು ಪೂರ್ತಿ ಮಾಡಿ ತೋರಿಸುತ್ತೇನೆ. ಮೂವತ್ತು ಹಾಸಿಗೆಯ ಪುರುಷರ ಮೆಡಿಕಲ್ ವಾರ್ಡ್, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗಿನ ಪಾಳಿ ಎಂದಿಟ್ಟುಕೊಳ್ಳಿ. ರೋಗಿಗಳನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸೋಣ. ಒಂದನೆಯ ಮಟ್ಟದವರು ತಾವೇ ಎದ್ದು ಓಡಾಡುವವರು. ಅವರಿಗೆ ಮಾತ್ರೆ, ಇಂಜೆಕ್ಷನ್, ಎರಡು ಬಾರಿ ನಾಡಿ, ರಕ್ತದೊತ್ತಡ, ಜ್ವರ ನೋಡುವುದು, ಮುಂಜಾನೆ ರಕ್ತದ ಮಾದರಿ ತೆಗೆಯುವುದು ಇಷ್ಟಿದ್ದರೆ ಸಾಕು. ಎರಡನೆಯ ಮಟ್ಟದವರಿಗೆ ಡ್ರಿಪ್ ಇದೆ, ಶೌಚಕ್ಕೆ ಹೋಗಲು ಆಸರೆ ಬೇಕು, ನಾಲ್ಕು ಗಂಟೆಗೊಮ್ಮೆ ಗಮನಿಸಬೇಕು. ಮೂರನೆಯ ಮಟ್ಟದವರು ಮಗ್ಗುಲು ಬದಲಿಸಲೂ ಆಗದವರು. ನಾಲ್ಕನೆಯವರು ಒಂದು ಗಂಟೆ ಕಣ್ಣು ತಪ್ಪಿದರೂ ಅಪಾಯಕ್ಕೆ ಸಿಲುಕುವವರು. ಇವರಲ್ಲಿ ಹಲವರು ಐಸಿಯುನಲ್ಲಿ ಇರಬೇಕಾದವರು, ಅಲ್ಲಿ ಜಾಗವಿಲ್ಲದ ಕಾರಣಕ್ಕೆ ವಾರ್ಡಿನಲ್ಲಿ ಇದ್ದಾರೆ. ಈ ನಾಲ್ಕು ಮಟ್ಟಗಳಿಗೆ ರಾತ್ರಿಯೊಂದಕ್ಕೆ ತಲಾ 30, 60, 120 ಮತ್ತು 240 ನಿಮಿಷಗಳ ಶುಶ್ರೂಷೆ ಬೇಕೆಂದು ಸದ್ಯಕ್ಕೆ ಹಿಡಿಯೋಣ. ಇವು ವಿವರಣೆಗಾಗಿ ನಾನು ಇಟ್ಟುಕೊಂಡ ಅಂಕಿಗಳು. ನಿಜವಾದ ಅಂಕಿಗಳನ್ನು ನಮ್ಮ ವಾರ್ಡುಗಳಲ್ಲೇ ಅಳೆಯಬೇಕು.

ಆದರೂ ಇವು ಗಾಳಿಯಲ್ಲಿ ಬರೆದ ಅಂಕಿಗಳಲ್ಲ. ಪಾರ್ಶ್ವವಾಯುವಿನ ಒಬ್ಬ ರೋಗಿಯನ್ನು ತೆಗೆದುಕೊಳ್ಳಿ. ಬೆನ್ನಿನಲ್ಲಿ ಹಾಸಿಗೆ ಹುಣ್ಣು ಆಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹನ್ನೆರಡು ಗಂಟೆಯಲ್ಲಿ ಆರು ಬಾರಿ, ಪ್ರತಿ ಬಾರಿ ಇಬ್ಬರು, ತಲಾ ಐದು ನಿಮಿಷ. ಅಲ್ಲಿಗೆ ಅರವತ್ತು ನಿಮಿಷ. ಮಲಗುವ ಮುನ್ನ ಮತ್ತು ಬೆಳಗಿನ ಜಾವ ಸೇರಿ ಮೂರು ಬಾರಿ ರೈಲ್ಸ್ ಟ್ಯೂಬಿನಲ್ಲಿ ಆಹಾರ ಕೊಡಲು ಮೂವತ್ತು. ಬಾಯಿ ಶುಚಿ ಮಾಡಲು, ಕಫ ತೆಗೆಯಲು, ಬಟ್ಟೆ ಬದಲಿಸಲು, ಕ್ಯಾಥೆಟರ್ ನೋಡಲು ಇನ್ನೊಂದು ಮೂವತ್ತು. ನೂರಿಪ್ಪತ್ತು ನಿಮಿಷ ತುಂಬಿತು, ಇನ್ನೂ ಔಷಧಿಯ ಮಾತೇ ಬಂದಿಲ್ಲ. ಕೀಟನಾಶಕ ಕುಡಿದು ಬಂದ ರೋಗಿಗೆ ಅಟ್ರೋಪಿನ್ ಇನ್ನೂ ಹದಕ್ಕೆ ಬಾರದ ರಾತ್ರಿಯಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಕಣ್ಣಿನ ಪಾಪೆ, ಎದೆಯ ಸದ್ದು, ನಾಡಿ ನೋಡಬೇಕಾಗುತ್ತದೆ; ಐದು ನಿಮಿಷದ ನಲವತ್ತೆಂಟು ಭೇಟಿಗಳಿಗೇ 240 ನಿಮಿಷ ಮುಗಿಯುತ್ತದೆ.

ಒಬ್ಬ ಶುಶ್ರೂಷಕಿಯ ಹನ್ನೆರಡು ಗಂಟೆಯಲ್ಲಿ ಊಟ, ವಿಶ್ರಾಂತಿ, ಎರಡೂ ಕಡೆಯ ಹ್ಯಾಂಡ್‌ಓವರ್, ಔಷಧಿ ದಾಸ್ತಾನು ಮತ್ತು ತುರ್ತು ಟ್ರಾಲಿಯ ಪರಿಶೀಲನೆಗಳಿಗೆ ಎರಡು ಗಂಟೆ ಬಿಟ್ಟರೆ ರೋಗಿಗಳಿಗೆ ಸಿಗುವುದು 600 ನಿಮಿಷ. ಈಗ ಮೂರು ರಾತ್ರಿಗಳನ್ನು ನೋಡಿ. ಮೂರರಲ್ಲಿಯೂ ವಾರ್ಡಿನಲ್ಲಿ ಸರಿಯಾಗಿ ಮೂವತ್ತು ರೋಗಿಗಳು. ಮೊದಲ ರಾತ್ರಿ ಒಂದನೆಯ ಮಟ್ಟದವರು 16, ಎರಡನೆಯವರು 10, ಮೂರನೆಯವರು 3, ನಾಲ್ಕನೆಯವರು ಒಬ್ಬರು; ಬೇಕಾದದ್ದು 1,680 ನಿಮಿಷ, ಅಂದರೆ 2.8 ಶುಶ್ರೂಷಕರು. ಒಂಬತ್ತಕ್ಕೆ ಒಬ್ಬರ ಲೆಕ್ಕದಲ್ಲಿ ಬರುವ 3.3ನ್ನು ಮೂವರೆಂದು ಹಿಡಿದು ಹಾಕಿದ್ದರೆ ಆ ರಾತ್ರಿ ಸರಿಹೋಗುತ್ತದೆ. ಎರಡನೆಯ ರಾತ್ರಿ ಕ್ರಮವಾಗಿ 8, 9, 9 ಮತ್ತು 4. ಬೇಕಾದದ್ದು 2,820 ನಿಮಿಷ, 4.7 ಶುಶ್ರೂಷಕರು, ಅಂದರೆ ಐವರು. ಮೂರನೆಯ ರಾತ್ರಿ 22, 7, 1 ಮತ್ತು ಸೊನ್ನೆ. 1,200 ನಿಮಿಷ, ಇಬ್ಬರು ಸಾಕು. ಹಾಸಿಗೆಯ ಲೆಕ್ಕ ಮೂರೂ ರಾತ್ರಿಗಳಿಗೆ ಒಂದೇ ಉತ್ತರ ಕೊಡುತ್ತದೆ.

ಎರಡನೆಯ ರಾತ್ರಿ ಮೂವರೇ ಇದ್ದರೆ 1,020 ನಿಮಿಷ, ಅಂದರೆ ಹದಿನೇಳು ಗಂಟೆಯ ಶುಶ್ರೂಷೆ ಎಲ್ಲಿ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಅದರ ಉತ್ತರ ಗೊತ್ತು. ಇಂಜೆಕ್ಷನ್ ತಪ್ಪುವುದಿಲ್ಲ, ಏಕೆಂದರೆ ಅದಕ್ಕೆ ಸಹಿ ಇದೆ. ಡ್ರಿಪ್ ಬದಲಾಗುತ್ತದೆ, ಏಕೆಂದರೆ ಬಾಟಲಿ ಖಾಲಿಯಾದದ್ದು ಎಲ್ಲರಿಗೂ ಕಾಣುತ್ತದೆ. ಬಿಟ್ಟುಹೋಗುವುದು ಮಗ್ಗುಲು ಬದಲಿಸುವುದು, ಬಾಯಿ ಶುಚಿ, ಗಂಟೆಗೊಮ್ಮೆಯ ಗಮನಿಕೆ. ಕೇಸ್ ಶೀಟಿನಲ್ಲಿ ಅದರ ಗುರುತನ್ನು ಹುಡುಕುವುದು ಕಷ್ಟವಲ್ಲ: ರಾತ್ರಿಯ ಹನ್ನೆರಡು ಗಂಟೆಗಳ ನಾಡಿಮಿಡಿತ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ, 84, 86, 84, 86 ಎಂದು ಬರೆದಿದ್ದರೆ ಅದನ್ನು ಬೆಳಗಿನ ಐದು ಗಂಟೆಗೆ ಕುಳಿತು ತುಂಬಿದ್ದಾರೆ ಎಂದೇ ಅರ್ಥ. ಆಮೇಲೆ ಬರುವ ಶಿಸ್ತುಕ್ರಮದ ನೋಟಿಸಿನಲ್ಲಿ ಆ ರಾತ್ರಿ ವಾರ್ಡಿಗೆ ಎಷ್ಟು ಕೈ ಬೇಕಿತ್ತು ಎಂಬ ಸಾಲು ಇರುವುದೇ ಇಲ್ಲ, ಏಕೆಂದರೆ ಆ ಸಂಖ್ಯೆಯನ್ನು ಯಾರೂ ಎಲ್ಲಿಯೂ ಬರೆದಿಟ್ಟಿರುವುದಿಲ್ಲ.

ಇಂಥ ಲೆಕ್ಕ ಹೊಸ ಕಲ್ಪನೆಯೇನೂ ಅಲ್ಲ. ಫಿನ್ಲೆಂಡ್‌ನ ಔಲು ನಗರದ ಆಸ್ಪತ್ರೆಯಲ್ಲಿ ಹುಟ್ಟಿ, ಮುಂದೆ ಆ ದೇಶದ ಬಹಳಷ್ಟು ಆಸ್ಪತ್ರೆಗಳಿಗೆ ಹಬ್ಬಿದ ಪದ್ಧತಿಯಲ್ಲಿ ಪ್ರತಿಯೊಬ್ಬ ರೋಗಿಯನ್ನೂ ಶುಶ್ರೂಷೆಯ ಆರು ಕ್ಷೇತ್ರಗಳಲ್ಲಿ ಒಂದರಿಂದ ನಾಲ್ಕು ಅಂಕಗಳಿಂದ ಅಳೆಯುತ್ತಾರೆ. ಒಟ್ಟು ಅಂಕ ಆರರಿಂದ ಇಪ್ಪತ್ತನಾಲ್ಕರ ನಡುವೆ ಬರುತ್ತದೆ, ಮತ್ತು ಒಬ್ಬ ಶುಶ್ರೂಷಕರ ಪಾಲಿಗೆ ಎಷ್ಟು ಅಂಕಗಳು ಬಂದರೆ ಸಮತೋಲ ಎಂಬುದನ್ನು ಪ್ರತಿ ವಾರ್ಡಿಗೂ ಬೇರೆಯಾಗಿ ಕಂಡುಕೊಳ್ಳುತ್ತಾರೆ. ವೇಲ್ಸ್ 2016ರಲ್ಲಿ ಶುಶ್ರೂಷಕರ ಸಂಖ್ಯೆಯ ಬಗ್ಗೆ ಕಾನೂನನ್ನೇ ಮಾಡಿ, ವಯಸ್ಕರ ಮೆಡಿಕಲ್ ಮತ್ತು ಸರ್ಜಿಕಲ್ ವಾರ್ಡುಗಳಲ್ಲಿ ರೋಗಿಗಳ ಅವಲಂಬನೆ, ಶುಶ್ರೂಷೆಯ ಗುಣಮಟ್ಟದ ಸೂಚಕಗಳು ಮತ್ತು ಅನುಭವಿ ಶುಶ್ರೂಷಕರ ತೀರ್ಮಾನ ಈ ಮೂರನ್ನೂ ಒಟ್ಟಿಗೆ ನೋಡಿ ಸಂಖ್ಯೆಯನ್ನು ನಿರ್ಧರಿಸಬೇಕೆಂದಿತು.

ಆದರೆ ಇವುಗಳಲ್ಲಿ ಯಾವುದನ್ನೂ ಭಾಷಾಂತರಿಸಿ ನಮ್ಮ ವಾರ್ಡುಗಳಿಗೆ ಹಂಚಬೇಡಿ ಎಂದು ಒತ್ತಿ ಹೇಳಬೇಕಾಗಿದೆ. ಇಂಗ್ಲೆಂಡ್‌ನಲ್ಲಿ ಬಳಕೆಯಲ್ಲಿರುವ ಒಂದು ಮಾಪನ ಅತಿ ಕಡಿಮೆ ಅವಲಂಬನೆಯ ರೋಗಿಗೆ ವಾರ್ಡಿನ ಒಟ್ಟು ಸಿಬ್ಬಂದಿಯಲ್ಲಿ ಸುಮಾರು ಒಬ್ಬರನ್ನೂ, ಅತಿ ಹೆಚ್ಚಿನವರಿಗೆ ಸುಮಾರು ಆರು ಜನರನ್ನೂ ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಸ್ನಾನ ಮಾಡಿಸುವ, ಉಣಿಸುವ ಸಹಾಯಕ ಸಿಬ್ಬಂದಿಯೂ ಸೇರಿದ್ದಾರೆ. ನಮ್ಮಲ್ಲಿ ಆ ಕೆಲಸವನ್ನು ಮಾಡುವವರು ರೋಗಿಯ ಹೆಂಡತಿ, ಮಗ, ಅಣ್ಣನ ಸೊಸೆ. ರೋಗಿಯ ಜೊತೆಗಿರುವವರನ್ನು ನಾವು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಎಂಬುದೇ ಕರ್ನಾಟಕದಲ್ಲಿ ಈ ಇಡೀ ಯೋಜನೆಯ ಗಟ್ಟಿತನವನ್ನು ತೀರ್ಮಾನಿಸುವ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ.

ಮಗ್ಗುಲು ಬದಲಿಸುವಾಗ ಎರಡನೆಯ ಜೊತೆ ಕೈ ಹೆಚ್ಚಾಗಿ ಮನೆಯವರದ್ದೇ. ಶುಶ್ರೂಷಕಿ ರೋಗಿಯ ಮಟ್ಟವನ್ನು ಗುರುತಿಸುವಾಗ "ಮಗ ಇದ್ದಾನೆ, ಅವನೇ ನೋಡಿಕೊಳ್ಳುತ್ತಾನೆ" ಎಂದು ಮೂರನೆಯ ಮಟ್ಟದ ಬದಲು ಎರಡನೆಯ ಮಟ್ಟ ಹಾಕುವುದು ಸಹಜ. ಹಾಗೆ ಮಾಡಿದರೆ ಎರಡು ಅನಾಹುತಗಳಾಗುತ್ತವೆ. ಮಗನ ಕೂಲಿ ತಪ್ಪಿದ ದಿನಗಳು ಸರ್ಕಾರದ ಲೆಕ್ಕದಲ್ಲಿ ಉಚಿತ ಸಿಬ್ಬಂದಿಯಾಗಿ ಶಾಶ್ವತಗೊಳ್ಳುತ್ತವೆ. ಮತ್ತು ಮನೆಯವರು ಯಾರೂ ಇಲ್ಲದ ರೋಗಿ, ಪೊಲೀಸರು ತಂದು ಬಿಟ್ಟ ಅನಾಮಿಕ, ವಲಸೆ ಕಾರ್ಮಿಕ, ಹಾಳೆಯ ಲೆಕ್ಕದಲ್ಲಿ ಇತರರಷ್ಟೇ ತೂಗುತ್ತಾನೆ. ಆದ್ದರಿಂದ ನಿಯಮ ಸ್ಪಷ್ಟವಾಗಿರಬೇಕು: ಜೊತೆಗೆ ಯಾರೂ ಇಲ್ಲವೆಂದೇ ಭಾವಿಸಿ ಮಟ್ಟವನ್ನು ಗುರುತಿಸಬೇಕು. ಮನೆಯವರು ಮಾಡುವ ಕೆಲಸವನ್ನು ಬೇರೆ ಅಂಕಣದಲ್ಲಿ ಬರೆಯಲಿ, ಬೇಡಿಕೆಯಿಂದ ಕಳೆಯುವುದು ಬೇಡ. ತರಬೇತಿಯಲ್ಲಿರುವ ನರ್ಸಿಂಗ್ ವಿದ್ಯಾರ್ಥಿಗಳ ಬಗ್ಗೆಯೂ ಇದೇ ನಿಯಮ. ಅವರು ಕಲಿಯಲು ಬಂದವರು, ಪಾಳಿಯ ಸಂಖ್ಯೆ ತುಂಬಲು ಬಂದವರಲ್ಲ.

ನಿಮಿಷಗಳನ್ನು ಅಳೆಯುವಲ್ಲಿಯೂ ಇದೇ ಬಲೆ ಇದೆ. ಸಾಮಾನ್ಯ ವಿಧಾನವೆಂದರೆ, ಒಬ್ಬ ವೀಕ್ಷಕರು ವಾರ್ಡಿನಲ್ಲಿ ನಿಂತು ಹತ್ತು ನಿಮಿಷಕ್ಕೊಮ್ಮೆ ಪ್ರತಿಯೊಬ್ಬ ಶುಶ್ರೂಷಕಿ ಆ ಕ್ಷಣದಲ್ಲಿ ಏನು ಮಾಡುತ್ತಿದ್ದಾರೆ, ಯಾವ ಮಟ್ಟದ ರೋಗಿಗೆ ಮಾಡುತ್ತಿದ್ದಾರೆ ಎಂದು ಗುರುತು ಹಾಕುವುದು. ಎಲ್ಲ ಪಾಳಿಗಳಲ್ಲಿ, ಭಾನುವಾರವೂ ಸೇರಿದಂತೆ ಹಲವು ದಿನ ಹೀಗೆ ಮಾಡಿದರೆ ಯಾವ ಮಟ್ಟಕ್ಕೆ ಎಷ್ಟು ಸಮಯ ಹೋಗುತ್ತಿದೆ ಎಂಬುದು ಹೊರಬೀಳುತ್ತದೆ. ಆದರೆ ಈಗಾಗಲೇ ಕೈ ಸಾಲದ ವಾರ್ಡಿನಲ್ಲಿ ಹೀಗೆ ಅಳೆದರೆ ನಾವು ಅಳೆಯುವುದು ಬೇಕಾದ ಶುಶ್ರೂಷೆಯನ್ನಲ್ಲ, ಸಿಕ್ಕಷ್ಟನ್ನು. ಮೂರನೆಯ ಮಟ್ಟದ ರೋಗಿಗೆ 120 ನಿಮಿಷ ಬೇಕಿದ್ದು 50 ನಿಮಿಷ ಮಾತ್ರ ಸಿಗುತ್ತಿದ್ದರೆ, ಅಧ್ಯಯನದ ವರದಿಯಲ್ಲಿ 50 ಎಂದೇ ಅಚ್ಚಾಗಿ, ಕೊರತೆಯೇ ಮಾನದಂಡವಾಗಿಬಿಡುತ್ತದೆ. ಆದ್ದರಿಂದ ವೀಕ್ಷಕರು ಮಾಡಿದ ಕೆಲಸದ ಜೊತೆಗೆ ಬಿಟ್ಟುಹೋದ ಕೆಲಸವನ್ನೂ ದಾಖಲಿಸಬೇಕು: ಆರು ಬಾರಿ ಮಗ್ಗುಲು ಬದಲಿಸಬೇಕಾದಲ್ಲಿ ಎಷ್ಟು ಬಾರಿ ಆಯಿತು, ಆದೇಶಿಸಿದ ಗಮನಿಕೆಗಳಲ್ಲಿ ಎಷ್ಟು ಸಮಯಕ್ಕೆ ಸರಿಯಾಗಿ ನಡೆದವು. ಆ ಕೊರತೆಯ ನಿಮಿಷಗಳನ್ನು ಸೇರಿಸಿದ ಮೇಲೆಯೇ ಮಟ್ಟಗಳ ಅಂಕಿಗಳನ್ನು ನಿಗದಿಪಡಿಸಬೇಕು. ಇದೇ ಅಳತೆಯಲ್ಲಿ ಇನ್ನೊಂದು ಸತ್ಯವೂ ಬಯಲಾಗುತ್ತದೆ: ಶುಶ್ರೂಷಕರ ಎಷ್ಟು ಸಮಯ ಔಷಧಿ ಇಂಡೆಂಟ್ ಹಿಡಿದು ಉಗ್ರಾಣಕ್ಕೆ ಓಡಾಡುವುದರಲ್ಲಿ, ಲ್ಯಾಬಿಗೆ ಮಾದರಿ ಮುಟ್ಟಿಸುವುದರಲ್ಲಿ, ಕಂಪ್ಯೂಟರಿಗೆ ವಿವರ ತುಂಬುವುದರಲ್ಲಿ ಕಳೆಯುತ್ತಿದೆ ಎಂಬುದು. ಅದಕ್ಕೆ ಪರಿಹಾರ ಶುಶ್ರೂಷಕರಲ್ಲ, ಒಬ್ಬ ವಾರ್ಡ್ ಗುಮಾಸ್ತ.

ಇನ್ನು ದಿನನಿತ್ಯದ ನಡೆ. ಮಟ್ಟ ಗುರುತಿಸುವ ಕೆಲಸ ಅರ್ಧ ಪುಟದ ಹಾಳೆಗಿಂತ ಹೆಚ್ಚಾಗಬಾರದು. ಪಾಳಿ ಬದಲಾಗುವ ಒಂದು ಗಂಟೆ ಮೊದಲು, ಅಂದರೆ ಬೆಳಿಗ್ಗೆ ಏಳು, ಮಧ್ಯಾಹ್ನ ಒಂದು ಮತ್ತು ಸಂಜೆ ಏಳು ಗಂಟೆಗೆ, ಪಾಳಿಯ ಹೊಣೆ ಹೊತ್ತ ಶುಶ್ರೂಷಕರು ಪ್ರತಿ ರೋಗಿಯ ಚಲನೆ, ಆಹಾರ, ಮಲಮೂತ್ರ ಮತ್ತು ಶುಚಿ, ಪ್ರಜ್ಞೆ ಮತ್ತು ಗೊಂದಲ, ಗಮನಿಕೆಯ ಅಂತರ, ಔಷಧಿ ಮತ್ತು ಚಿಕಿತ್ಸೆ ಈ ಆರನ್ನು ನೋಡಿ ಮಟ್ಟವನ್ನು ಬರೆಯಬೇಕು. ಇಲ್ಲಿ ಸರಾಸರಿ ತೆಗೆಯುವುದು ಅಪಾಯ. ಮದ್ಯ ಬಿಟ್ಟ ಮೂರನೆಯ ದಿನ ಸನ್ನಿ ಹಿಡಿದ ರೋಗಿ ನಡೆಯುತ್ತಾನೆ, ಉಣ್ಣುತ್ತಾನೆ, ತಾನೇ ಶೌಚಕ್ಕೂ ಹೋಗುತ್ತಾನೆ. ಸರಾಸರಿಯಲ್ಲಿ ಅವನು ಎರಡನೆಯ ಮಟ್ಟಕ್ಕೆ ಬೀಳುತ್ತಾನೆ, ಆದರೆ ಕ್ಯಾನ್ಯುಲಾ ಕಿತ್ತು ಕಿಟಕಿಯತ್ತ ಹೊರಡುವ ಅವನಿಗೆ ಇಡೀ ರಾತ್ರಿ ಒಬ್ಬರು ಬೇಕು. ಹಾವು ಕಚ್ಚಿ ಬಂದು ಪ್ರತಿವಿಷ ಹರಿಯುತ್ತಿರುವ ರೋಗಿಯೂ ಮಾತಾಡುತ್ತಾ ಕುಳಿತಿರಬಹುದು. ಆದರೂ ಮೊದಲ ಗಂಟೆಗಳಲ್ಲಿ ಅವನ ಪಕ್ಕದಿಂದ ಕದಲುವಂತಿಲ್ಲ. ಆದ್ದರಿಂದ ಗಮನಿಕೆ ಅಥವಾ ಗೊಂದಲದ ಅಂಕಣ ಒಂದರಲ್ಲೇ ಅತಿ ಹೆಚ್ಚು ಬಂದರೆ, ಉಳಿದವು ಏನೇ ಇದ್ದರೂ ರೋಗಿ ನಾಲ್ಕನೆಯ ಮಟ್ಟ ಎಂಬ ನಿಯಮ ಇರಬೇಕು.

ಬರುವವರ, ಹೋಗುವವರ ಲೆಕ್ಕವೂ ಪ್ರತ್ಯೇಕವಾಗಿ ಬೇಕು. ಬೋಧನಾ ಆಸ್ಪತ್ರೆಗಳಲ್ಲಿ ಪ್ರತಿ ಯೂನಿಟ್‌ಗೂ ವಾರದಲ್ಲಿ ತನ್ನ ಅಡ್ಮಿಷನ್ ದಿನ ಇರುತ್ತದೆ. ಆ ದಿನ ಸಂಜೆ ಏಳಕ್ಕೆ ಇಪ್ಪತ್ತೆರಡು ರೋಗಿಗಳಿದ್ದ ವಾರ್ಡಿಗೆ ಮಧ್ಯರಾತ್ರಿಯೊಳಗೆ ಹನ್ನೊಂದು ಜನ ಸೇರುತ್ತಾರೆ. ಪ್ರತಿಯೊಬ್ಬರಿಗೂ ಕೇಸ್ ಶೀಟ್, ಕ್ಯಾನ್ಯುಲಾ, ರಕ್ತದ ಮಾದರಿ, ಮೊದಲ ಡೋಸ್, ಮನೆಯವರಿಗೆ ವಿವರಣೆ. ಏಳು ಗಂಟೆಯ ಹಾಳೆಯಲ್ಲಿ ಇದು ಯಾವುದೂ ಕಾಣುವುದಿಲ್ಲ. ಸಮಾಧಾನದ ಸಂಗತಿಯೆಂದರೆ ಅಡ್ಮಿಷನ್ ದಿನ ಆಕಸ್ಮಿಕವಲ್ಲ, ಕ್ಯಾಲೆಂಡರಿನಲ್ಲೇ ಇರುವಂಥದ್ದು. ಕೆಲವು ವಾರಗಳ ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾವ ವಾರ್ಡಿಗೆ ಯಾವ ವಾರದ ಯಾವ ರಾತ್ರಿ ಭಾರ ಏರುತ್ತದೆ ಎಂಬುದು ಗೊತ್ತಾಗುತ್ತದೆ, ಮುಂದಿನ ತಿಂಗಳ ರೋಸ್ಟರನ್ನೇ ಅದಕ್ಕೆ ತಕ್ಕಂತೆ ಬರೆಯಬಹುದು. ಒಂದು ಹುದ್ದೆಯನ್ನೂ ಹೊಸದಾಗಿ ಮಂಜೂರು ಮಾಡದೆ ಸಿಗುವ ಲಾಭ ಇದೊಂದೇ ಎಂದು ತೋರುತ್ತದೆ.

ಉಳಿದ ಲಾಭಗಳಿಗೆ ಹುದ್ದೆ ಬೇಕೇ ಬೇಕು. ಸಂಜೆ ಏಳು ಗಂಟೆಗೆ ಹಾಳೆ ಐವರು ಎಂದು ಹೇಳಿ, ಎಂಟಕ್ಕೆ ಬರುವವರು ಮೂವರೇ ಆದರೆ ಹಾಳೆ ಬರೆದದ್ದಕ್ಕೆ ಹತ್ತು ನಿಮಿಷ ನಷ್ಟವಾಯಿತಷ್ಟೇ. ಸಂಖ್ಯೆ ಬರೆದ ಮೇಲೆ ಏನಾಗಬೇಕು ಎಂಬುದು ಆದೇಶದಲ್ಲೇ ಇರಬೇಕು. ನನ್ನ ಸಲಹೆ ಹೀಗಿದೆ. ಒಂದೇ ಬಗೆಯ ನಾಲ್ಕು ವಾರ್ಡುಗಳನ್ನು ಒಂದು ಗುಂಪಾಗಿಸಿ, ಪ್ರತಿ ಪಾಳಿಗೆ ಆ ಗುಂಪಿಗೆ ಇಬ್ಬರು ಮೀಸಲು ಶುಶ್ರೂಷಕರನ್ನು ಇಡಬೇಕು. ಯಾವ ವಾರ್ಡಿಗೂ ಸೇರದ ಅವರು ಭಾರ ಹೆಚ್ಚಿದ ಕಡೆಗೆ ಹೋಗುತ್ತಾರೆ. ಗುಂಪು ಒಂದೇ ಬಗೆಯದಾಗಿರಬೇಕೆಂದು ಹೇಳಲು ಕಾರಣವಿದೆ: ಮೂಳೆ ವಾರ್ಡಿನ ಶುಶ್ರೂಷಕಿಯನ್ನು ನವಜಾತ ಶಿಶುಗಳ ವಾರ್ಡಿಗೆ ಕಳಿಸಿದರೆ ಸಂಖ್ಯೆ ತುಂಬುತ್ತದೆ, ಕೆಲಸ ತುಂಬುವುದಿಲ್ಲ. ಮೀಸಲಿನವರು ಸಾಲದಿದ್ದರೆ ರಾತ್ರಿ ಮೇಲ್ವಿಚಾರಕರಿಗೆ ಪಕ್ಕದ ವಾರ್ಡಿನಿಂದ ಕರೆತರುವ, ಅದೂ ಆಗದಿದ್ದರೆ ಮರುದಿನದ ತುರ್ತಲ್ಲದ ದಾಖಲಾತಿಗಳನ್ನು ತಡೆಹಿಡಿಯುವಂತೆ ಕರ್ತವ್ಯದ ಮೇಲಿರುವ ವೈದ್ಯಾಧಿಕಾರಿಗೆ ಲಿಖಿತವಾಗಿ ಕೋರುವ ಅಧಿಕಾರ ಇರಬೇಕು. ಯಾವುದೂ ಸಾಧ್ಯವಾಗದ ರಾತ್ರಿ ಬೇಕಾದ ಸಂಖ್ಯೆ ಮತ್ತು ಇದ್ದ ಸಂಖ್ಯೆ ಎರಡೂ ಮರುದಿನ ಬೆಳಿಗ್ಗೆ ವೈದ್ಯಕೀಯ ಅಧೀಕ್ಷಕರ ಸಹಿಗೆ ಹೋಗಬೇಕು. ಆಗ ಮಾತ್ರ ತಿಂಗಳ ಕೊನೆಗೆ ಇಲಾಖೆಯ ಮುಂದೆ ಹುದ್ದೆಗಳ ಬೇಡಿಕೆಗೆ ಆಧಾರ ಇರುತ್ತದೆ.

ಮೀಸಲು ಪಡೆಯ ಹೆಸರಿನಲ್ಲಿ ವಾರ್ಡುಗಳ ಖಾಯಂ ಸಂಖ್ಯೆಯನ್ನು ತಗ್ಗಿಸುವ ಆಸೆ ಹಣಕಾಸು ಇಲಾಖೆಗೆ ಬರಬಹುದು. ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲೆಂಡ್‌ನ ಆಸ್ಪತ್ರೆಗಳ ದತ್ತಾಂಶದಿಂದ ಕಂಪ್ಯೂಟರಿನಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ: ಖಾಯಂ ಸಂಖ್ಯೆಯನ್ನು ಕಡಿಮೆ ಇಟ್ಟು, ಬೇಕಾದಾಗ ಕರೆಸಿಕೊಳ್ಳುತ್ತೇವೆ ಎಂಬ ವ್ಯವಸ್ಥೆಯಲ್ಲಿ ಕೊರತೆಯ ಪಾಳಿಗಳು ಬಹಳ ಹೆಚ್ಚಾದವು, ಏಕೆಂದರೆ ಬೇಕಾದಾಗ ಕರೆಸಲು ಸಾಕಷ್ಟು ಜನ ಸಿಗುವುದಿಲ್ಲ. ಅದೇ ಕಾರಣಕ್ಕೆ ಸರಾಸರಿ ಬೇಡಿಕೆಗೆ ತಕ್ಕಂತೆ ಹುದ್ದೆ ಕೊಟ್ಟರೆ ಸಾಲದು. ಸರಾಸರಿಗಿಂತ ಮೇಲಿನ ಪ್ರತಿ ಪಾಳಿಯೂ ಕೊರತೆಯಲ್ಲೇ ಆರಂಭವಾಗುತ್ತದೆ.

ಇಲ್ಲಿಗೆ ನಮ್ಮ ಸಂಘಗಳ ಮುಖ್ಯ ಅನುಮಾನಕ್ಕೆ ಬರುತ್ತೇನೆ. ಹಾಸಿಗೆಯ ಅನುಪಾತ ಒರಟಾದದ್ದಾದರೂ ಯಾರೂ ತಿರುಚಲಾಗದ್ದು. ಅವಲಂಬನೆಯ ಅಂಕ ಆಡಳಿತದ ಕೈಯಲ್ಲಿ ಸಿಕ್ಕರೆ ಮೂರನೆಯ ರಾತ್ರಿಯಂಥ ಹಾಳೆಗಳನ್ನು ತೋರಿಸಿ ಒಬ್ಬರನ್ನು ಕಿತ್ತುಕೊಳ್ಳುತ್ತಾರೆ, ಎರಡನೆಯ ರಾತ್ರಿಗೆ ಇಬ್ಬರನ್ನು ಕೊಡುವುದಿಲ್ಲ ಎಂಬುದು ಅವರ ಮಾತು. ಇದು ಆಧಾರವಿಲ್ಲದ ಭಯವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೋಗಿಗಳನ್ನು ವರ್ಗೀಕರಿಸಿ ಸಂಖ್ಯೆ ನಿಗದಿಪಡಿಸಬೇಕೆಂಬ ನಿಯಮ ಮೊದಲೇ ಇತ್ತು; ಆಸ್ಪತ್ರೆಗಳು ಆ ಲೆಕ್ಕವನ್ನು ತಮಗೆ ಬೇಕಾದಂತೆ ಮಾಡಿಕೊಳ್ಳುತ್ತಿವೆ ಎಂಬ ಶುಶ್ರೂಷಕರ ಸಂಘಗಳ ಹೋರಾಟದಿಂದ 1999ರಲ್ಲಿ ಕನಿಷ್ಠ ಅನುಪಾತದ ಕಾನೂನು ಬಂದು, 2004ರಿಂದ ಜಾರಿಯಾಯಿತು. ಆ ಕಾನೂನು ವರ್ಗೀಕರಣವನ್ನು ಕಿತ್ತುಹಾಕಲಿಲ್ಲ. ಅನುಪಾತ ಕನಿಷ್ಠ ಮಿತಿ, ರೋಗಿಗಳ ಸ್ಥಿತಿ ಕೇಳಿದರೆ ಅದಕ್ಕಿಂತ ಹೆಚ್ಚು ಕೊಡಲೇಬೇಕು ಎಂದು ಎರಡನ್ನೂ ಜೋಡಿಸಿತು. ನಾನು ಕೋರುವುದೂ ಅದನ್ನೇ. ಪರಿಷತ್ತಿನ ಅನುಪಾತ ನೆಲವಾಗಿರಲಿ. ಅವಲಂಬನೆಯ ಅಂಕ ಅದರ ಮೇಲೆ ಸೇರಿಸಲು ಮಾತ್ರ ಬಳಕೆಯಾಗಲಿ. ಮೂರನೆಯ ರಾತ್ರಿಯಲ್ಲಿ ಮೂವರೇ ಇರಲಿ. ಒಬ್ಬರು ಹೆಚ್ಚಾದರು ಎಂದು ಲೆಕ್ಕಪರಿಶೋಧಕರು ಆಕ್ಷೇಪಿಸಿದರೆ, ಆ ರಾತ್ರಿ ಎರಡು ಗಂಟೆಗೆ ಆಂಬುಲೆನ್ಸಿನಲ್ಲಿ ಬರುವವರನ್ನು ಏಳು ಗಂಟೆಯ ಹಾಳೆ ಎಣಿಸಿರುವುದಿಲ್ಲ ಎಂಬ ಉತ್ತರ ಸಾಕು.

ಅಂಕಗಳು ಎರಡೂ ದಿಕ್ಕಿನಲ್ಲಿ ಹಾದಿ ತಪ್ಪಬಹುದು. ವಾರ್ಡಿಗೆ ಬರುವ ಕಾಯಿಲೆಗಳ ಸ್ವರೂಪ ಬದಲಾಗದೆ ಮಟ್ಟಗಳು ಮಾತ್ರ ತಿಂಗಳಿನಿಂದ ತಿಂಗಳಿಗೆ ಏರುತ್ತಾ ಹೋದರೆ ಶುಶ್ರೂಷಕರು ಹಿಗ್ಗಿಸಿ ಬರೆಯುತ್ತಿದ್ದಾರೆ ಎಂದು ಅನುಮಾನಿಸಬಹುದು. ಅದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಇದರ ತಿರುವುಮುರುವು: ಬೇಕಾದ ಸಂಖ್ಯೆ ಪ್ರತಿ ಪಾಳಿಯಲ್ಲೂ ಇದ್ದ ಸಂಖ್ಯೆಗೆ ಅಚ್ಚುಕಟ್ಟಾಗಿ ಹೊಂದುತ್ತಿದ್ದರೆ, ಯಾರೋ ರೋಸ್ಟರನ್ನು ಮುಂದಿಟ್ಟುಕೊಂಡು ರೋಗಿಗಳ ಮಟ್ಟವನ್ನು ಹಿಂದಿನಿಂದ ಬರೆಸುತ್ತಿದ್ದಾರೆ. ಎರಡಕ್ಕೂ ಒಂದೇ ಮದ್ದು. ವಾರಕ್ಕೊಮ್ಮೆ, ಮೊದಲೇ ತಿಳಿಸದೆ, ಬೇರೆ ವಾರ್ಡಿನ ಹಿರಿಯ ಶುಶ್ರೂಷಕರೊಬ್ಬರು ಅದೇ ಹೊತ್ತಿಗೆ ಅದೇ ರೋಗಿಗಳ ಮಟ್ಟವನ್ನು ಸ್ವತಂತ್ರವಾಗಿ ಬರೆಯಲಿ. ಇಬ್ಬರ ಹಾಳೆಗಳಲ್ಲಿ ಎಲ್ಲಿ ಭಿನ್ನವಾಗಿದೆ ಎಂದು ಕುಳಿತು ಮಾತಾಡಲಿ. ಪಾಳಿಯ ಹೊಣೆ ಹೊತ್ತವರಿಗೆ ಹಾಳೆಯ ಸಂಖ್ಯೆಗಿಂತ ಹೆಚ್ಚು ಬೇಕೆನಿಸಿದರೆ ಒಂದು ಸಾಲಿನ ಕಾರಣ ಬರೆದು ಏರಿಸುವ ಹಕ್ಕು ಇರಲಿ. ಇಳಿಸಬೇಕೆನ್ನುವವರು, ಯಾವ ಹುದ್ದೆಯಲ್ಲೇ ಇರಲಿ, ವಾರ್ಡಿಗೆ ಬಂದು ರೋಗಿಯನ್ನು ನೋಡಿ, ಹೆಸರು ಬರೆದು ಸಹಿ ಹಾಕಲಿ.

ಇದನ್ನು ರಾಜ್ಯದ ಎಲ್ಲ ಆಸ್ಪತ್ರೆಗಳಲ್ಲಿ ಒಮ್ಮೆಲೇ ಆರಂಭಿಸಿ ಎಂದು ನಾನು ಕೇಳುವುದಿಲ್ಲ. ಒಂದು ಬೋಧನಾ ಆಸ್ಪತ್ರೆ ಮತ್ತು ಒಂದು ಜಿಲ್ಲಾ ಆಸ್ಪತ್ರೆಯನ್ನು ಆರಿಸಿ, ಅವುಗಳ ಮೆಡಿಕಲ್ ವಾರ್ಡುಗಳ ಒಂದು ಗುಂಪಿನಲ್ಲಿ, ಮಳೆಗಾಲದ ಡೆಂಗೀ ಮತ್ತು ಹಾವು ಕಡಿತದ ತಿಂಗಳುಗಳೂ ಒಳಗೊಳ್ಳುವಂತೆ ಒಂದು ವರ್ಷ ನಡೆಸಿ. ಆರಂಭಕ್ಕೆ ಮೊದಲು ಪ್ರತಿ ಗುಂಪಿಗೆ ಮೀಸಲು ಶುಶ್ರೂಷಕರ ಹುದ್ದೆಗಳನ್ನು ಮಂಜೂರು ಮಾಡಿ, ಗುತ್ತಿಗೆಯ ಮೇಲಾದರೂ ತುಂಬಿ. ಪಾಳಿಗೆ ಇಬ್ಬರು ಎಂದರೆ ಮೂರು ಪಾಳಿಗೆ ಆರು, ರಜೆಗಳ ಮೀಸಲನ್ನು ಸೇರಿಸಿದರೆ ಎಂಟರಿಂದ ಒಂಬತ್ತು ಹುದ್ದೆಗಳಾಗುತ್ತವೆ. ಆ ವರ್ಷದ ಅಂಕಗಳನ್ನು ಆಧಾರವಾಗಿಟ್ಟುಕೊಂಡು ಯಾವ ವಾರ್ಡಿನ ಹುದ್ದೆಯನ್ನೂ ಕಡಿತಗೊಳಿಸುವುದಿಲ್ಲ, ಯಾವ ಶುಶ್ರೂಷಕರ ಮೇಲೂ ಕ್ರಮ ಜರುಗಿಸುವುದಿಲ್ಲ ಎಂಬ ಸಾಲು ಆದೇಶದ ಮೊದಲ ಪುಟದಲ್ಲೇ ಇರಲಿ. ಅದಿಲ್ಲದಿದ್ದರೆ ಮೊದಲ ವಾರದಿಂದಲೇ ಹಾಳೆಗಳಲ್ಲಿ ನಿಜವಾದ ಸಂಖ್ಯೆ ಬರುವುದಿಲ್ಲ. ಪ್ರತಿ ಪಾಳಿಯಲ್ಲಿ ಬೇಕಾದವರು ಎಷ್ಟು, ಇರುವವರು ಎಷ್ಟು ಎಂಬ ಎರಡು ಅಂಕಿಗಳನ್ನು ವಾರ್ಡಿನ ಬಾಗಿಲ ಬಳಿಯ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯುವಂತೆಯೂ ಅದೇ ಆದೇಶದಲ್ಲಿ ಸೂಚಿಸಬೇಕೆಂದು ಕೋರುತ್ತೇನೆ.

ಇಂತಿ,
ಗೌರವಪೂರ್ವಕವಾಗಿ,
ಒಬ್ಬ ನಿವೃತ್ತ ಶುಶ್ರೂಷಾ ಅಧೀಕ್ಷಕಿ